ಒಂದೇ ಟಿವಿ, ಎರಡು ಮ್ಯಾಚ್: ಅಂಧೇರಿಯ ಮನೆಯೊಂದರಲ್ಲಿ ಪುಟ್ಟ ಕಿಟಕಿಯ ಚರಿತ್ರೆ

ಹೋದ ವಾರದ ಮಾತಿನ ಬರಹರೂಪ ಇದು. ವಿಡಿಯೊ ನೋಡೋಕೆ ಟೈಮ್ ಇಲ್ಲದವರು, ಲೋಕಲ್ ಟ್ರೇನಿನಲ್ಲಿ ನಿಂತು ಓದೋರು, ನಿಮಗಾಗಿ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೀನಿ.

ಸುಮಾರು ಜನ ಕೇಳ್ತಾನೇ ಇರ್ತಾರೆ: "ಸರ್, ಒಂದೇ ಟಿವಿಯಲ್ಲಿ ಎರಡು ಮ್ಯಾಚ್ ನೋಡಬೇಕು, ಯಾವ ಟಿವಿ ತಗೊಳ್ಳಲಿ?" ಇದಕ್ಕೆ ಒಂದು ಮಾಡೆಲ್ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಹಾಗೆ ಹೇಳಿಸಿಕೊಂಡು ನಾನೇ ಒಮ್ಮೆ ಮೋಸಹೋಗಿದ್ದೀನಿ. ಹಾಗಾಗಿ ಉತ್ತರಕ್ಕೆ ಸ್ವಲ್ಪ ಇತಿಹಾಸ ಬೇಕು. 1990ರ ದಶಕದ ಡಬ್ಬಾ ಟಿವಿ ಸಲೀಸಾಗಿ ಮಾಡುತ್ತಿದ್ದ ಕೆಲಸವನ್ನು ಇವತ್ತಿನ ದುಬಾರಿ ಟಿವಿ ಯಾಕೆ ಮಾಡಲ್ಲ ಅನ್ನೋದೇ ಇವತ್ತಿನ ಕಥೆ.

ಮಾವನವರ 29 ಇಂಚು

ನಾನು ದಾವಣಗೆರೆಯವನು. ಅಂಧೇರಿ ಪೂರ್ವದ ಸೀಪ್ಜ್‌ನಲ್ಲಿ ಕೆಲಸ ಸಿಕ್ಕಿ ಮುಂಬೈಗೆ ಬಂದೆ. ಹೆಂಡತಿ ಇಲ್ಲೇ ಹುಟ್ಟಿದವಳು, ಅವಳ ಅಪ್ಪ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದವರು. ಆ ಊರಿನ ಉಳಿದವರೆಲ್ಲ ಹೋಟೆಲು ಹಿಡಿದರೆ ಇವರು ಟಿವಿ ರಿಪೇರಿ ಹಿಡಿದರು. ಮಹಾಕಾಳಿ ಕೇವ್ಸ್ ರಸ್ತೆಯಿಂದ ಒಳಗೆ ಒಂದು ಗಲ್ಲಿಯಲ್ಲಿ ಅವರ ಅಂಗಡಿ. ಅದೇ ರಸ್ತೆಯ ಎಂಐಡಿಸಿಯಲ್ಲಿ ಒನಿಡಾ ಹೌಸ್ ಇದೆ, ಕೊಂಬಿನ ಭೂತದ ಜಾಹೀರಾತು ನೆನಪಿದೆಯಲ್ಲ, ಅದೇ ಕಂಪನಿಯ ಕಚೇರಿ. ಟಿವಿ ಅನ್ನೋದು ಆ ಏರಿಯಾದ ಗಾಳಿಯಲ್ಲೇ ಇತ್ತು ಅಂತ ಮಾವ ಹೇಳ್ತಿದ್ದರು.

ಅವರ ಮನೆಯಲ್ಲಿದ್ದ ಟಿವಿ ಮಾತ್ರ ಸಹಾರ್ ಏರ್‌ಪೋರ್ಟಿನಲ್ಲಿ ಇಳಿದದ್ದು. ಕುವೈತಿನಲ್ಲಿದ್ದ ಸಂಬಂಧಿಕರು ತಂದ 29 ಇಂಚಿನ ಪಿಕ್ಚರ್ ಟ್ಯೂಬ್ ಸೆಟ್ಟು, ಇಬ್ಬರು ಹಿಡಿದರೂ ಎತ್ತೋಕಾಗದ ಭಾರ. ಅದರ ರಿಮೋಟಿನಲ್ಲಿ `PIP`, `SWAP` ಅಂತ ಎರಡು ಗುಂಡಿ.

ಮದುವೆಯಾದ ಹೊಸದು. 2008ರ ಜುಲೈ 6, ಭಾನುವಾರ, ಹೊರಗೆ ಧೋ ಅಂತ ಮಳೆ. ಕರಾಚಿಯಲ್ಲಿ ಏಷ್ಯಾ ಕಪ್ ಫೈನಲ್, ಭಾರತ ಮತ್ತು ಶ್ರೀಲಂಕಾ. ಅದೇ ಸಂಜೆ ವಿಂಬಲ್ಡನ್ ಫೈನಲ್, ಫೆಡರರ್ ಮತ್ತು ನಡಾಲ್. ಹೆಂಡತಿಗೆ ಟೆನಿಸ್ಸು, ನನಗೆ ಕ್ರಿಕೆಟ್ಟು. ಹೊಸ ಅಳಿಯ, ರಿಮೋಟ್ ಕೇಳೋಕೆ ಸಂಕೋಚ. ಮಾವ ಏನೂ ಮಾತಾಡದೆ ಒಂದು ಗುಂಡಿ ಒತ್ತಿದರು. ಪರದೆಯ ಮೂಲೆಯಲ್ಲಿ ಅಂಗೈಯಗಲದ ಒಂದು ಕಿಟಕಿ ತೆರೆದುಕೊಂಡಿತು, ಅದರೊಳಗೆ ಹಸಿರು ಹುಲ್ಲು, ಬಿಳಿ ಬಟ್ಟೆ. ದೊಡ್ಡದರಲ್ಲಿ ಅಜಂತಾ ಮೆಂಡಿಸ್ ನಮ್ಮವರನ್ನು ಒಬ್ಬೊಬ್ಬರಾಗಿ ಕಳಿಸ್ತಿದ್ದ. 13 ರನ್ನಿಗೆ 6 ವಿಕೆಟ್ ತೆಗೆದ, ನಾವು 100 ರನ್ನಿನಿಂದ ಸೋತೆವು. ಆಮೇಲೆ `SWAP` ಒತ್ತಿದರು. ಟೆನಿಸ್ ದೊಡ್ಡದಾಯಿತು, ನನ್ನ ದುಃಖ ಚಿಕ್ಕದಾಯಿತು. ರಾತ್ರಿ ಒಂದೂಮುಕ್ಕಾಲಿಗೆ ನಡಾಲ್ ಗೆದ್ದ.

ಆ ಕಿಟಕಿ ಹೇಗೆ ಕೆಲಸ ಮಾಡ್ತಿತ್ತು?

ಮರುದಿನ ಮಾವನನ್ನು ಕೇಳಿದೆ. "ನೀವು ಇಂಜಿನಿಯರು, ನೀವೇ ಹೇಳಿ" ಅಂದು ನಕ್ಕು, ಆಮೇಲೆ ಪೇಪರಿನ ಮೇಲೆ ಬರೆದು ತೋರಿಸಿದರು.

ಆ ಸೆಟ್ಟಿನೊಳಗೆ ಎರಡು ಟ್ಯೂನರ್ ಇದ್ದವು. ಗೋಡೆಯಿಂದ ಬಂದ ಒಂದೇ ಕೇಬಲ್ ಒಳಗೆ ಕವಲೊಡೆದು ಎರಡಕ್ಕೂ ಹೋಗುತ್ತಿತ್ತು. ಒಂದನೇ ಟ್ಯೂನರ್ ಒಂದು ಚಾನೆಲ್ ಹಿಡಿದು ನೇರ ಪರದೆಗೆ ಕಳಿಸುತ್ತೆ. ಎರಡನೆಯದು ಇನ್ನೊಂದು ಚಾನೆಲ್ ಹಿಡಿಯುತ್ತೆ, ಆದರೆ ಅದನ್ನು ನೇರ ತೋರಿಸೋ ಹಾಗಿಲ್ಲ. ಎರಡು ಚಾನೆಲ್‌ಗಳ ಚಿತ್ರ ಒಂದೇ ಕ್ಷಣಕ್ಕೆ ಶುರುವಾಗಲ್ಲ. ಇಲ್ಲಿ ಮೇಲಿನ ಗೆರೆ ಬರುವಾಗ ಅಲ್ಲಿ ನಡುವಿನ ಗೆರೆ ಬರ್ತಿರುತ್ತೆ. ಅದಕ್ಕೇ ಎರಡನೇ ಚಿತ್ರವನ್ನು ಮೊದಲು ಅಂಕಿಗಳಾಗಿ ಬದಲಾಯಿಸಿ ಒಂದು ಪುಟ್ಟ ಮೆಮೊರಿಯಲ್ಲಿ ಕೂಡಿಸಬೇಕು.

ಇಲ್ಲಿ ಒಂದು ಜಾಣತನ ಇದೆ. ಪೂರ್ತಿ ಚಿತ್ರ ಕೂಡಿಸೋಕೆ ಮೆಮೊರಿ ದುಬಾರಿ. ಕಿಟಕಿ ಹೇಗೂ ಚಿಕ್ಕದು ತಾನೇ? ಮೂರು ಗೆರೆಗೆ ಒಂದು ಗೆರೆ ಇಟ್ಟುಕೊಂಡು ಎರಡನ್ನು ಬಿಸಾಕು, ಆ ಗೆರೆಯಲ್ಲೂ ಮೂರು ಚುಕ್ಕೆಗೆ ಒಂದು ಚುಕ್ಕೆ ಮಾತ್ರ ಇಟ್ಟುಕೋ. ನಮ್ಮ ಪಾಲ್ ಪದ್ಧತಿಯಲ್ಲಿ ಕಾಣುವ ಗೆರೆ 576, ಮೂರನೇ ಒಂದು ಅಂದರೆ 192. ಎತ್ತರದಲ್ಲಿ ಮೂರನೇ ಒಂದು, ಅಗಲದಲ್ಲಿ ಮೂರನೇ ಒಂದು, ಒಟ್ಟು ಒಂಬತ್ತನೇ ಒಂದು ಭಾಗ ಮೆಮೊರಿ ಸಾಕು. ದೊಡ್ಡ ಚಿತ್ರ ಮೂಡುತ್ತಾ ಕಿಟಕಿಯ ಜಾಗಕ್ಕೆ ಬಂದ ಕೂಡಲೇ ಒಂದು ಸ್ವಿಚ್ಚು ಮೆಮೊರಿ ಕಡೆ ತಿರುಗುತ್ತೆ, ಜಾಗ ದಾಟಿದ ಮೇಲೆ ವಾಪಸ್. ಆ ಕಿಟಕಿಯಲ್ಲಿ ಸ್ಕೋರು ಓದೋಕಾಗ್ತಾ ಇರಲಿಲ್ಲ ಯಾಕೆ ಅಂತ ಗೊತ್ತಾಯ್ತಲ್ಲ, ಅಕ್ಷರದ ಗೆರೆಗಳನ್ನೇ ಬಿಸಾಕಿರ್ತಿದ್ದರು.

ಈ ವಿದ್ಯೆ ಮೊದಲು ಬಂದದ್ದು ಮನೆಗಲ್ಲ, ಸ್ಟುಡಿಯೊಗೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಕ್ವಾಂಟೆಲ್ ಅನ್ನೋ ಬ್ರಿಟಿಷ್ ಕಂಪನಿಯ ಡಿಜಿಟಲ್ ಯಂತ್ರ ಬಳಸಿ, ಕ್ರೀಡಾಂಗಣದ ಚಿತ್ರದೊಳಗೆ ಜ್ಯೋತಿಯ ಹತ್ತಿರದ ಚಿತ್ರವನ್ನು ಕಿಟಕಿಯಾಗಿ ತೋರಿಸಿದರು. ಮೆಮೊರಿ ಚಿಪ್ ಅಗ್ಗವಾದ ಹಾಗೆ 1980ರ ದಶಕದಲ್ಲಿ ಅದು ದುಬಾರಿ ಮನೆ ಟಿವಿಗಳಿಗೆ ಇಳಿಯಿತು.

ಆಗಲೂ ಒಂದು ಮೋಸ ಇತ್ತು. `PIP` ಅಂತ ಬರೆದ ಎಲ್ಲ ಟಿವಿಯಲ್ಲೂ ಎರಡು ಟ್ಯೂನರ್ ಇರುತ್ತಿರಲಿಲ್ಲ. ಒಂದೇ ಟ್ಯೂನರ್ ಇದ್ದರೆ ಕಿಟಕಿಗೆ ಚಿತ್ರ ಹಿಂದಿನ ಎವಿ ಸಾಕೆಟ್‌ನಿಂದ ಬರಬೇಕು, ಅಂದರೆ ವಿಸಿಆರ್ ಜೋಡಿಸಿ ಅದರ ಟ್ಯೂನರ್ ಬಳಸಬೇಕು. ಗಿರಾಕಿ ಬಂದರೆ ಮಾವ ಒಂದೇ ಪರೀಕ್ಷೆ ಮಾಡ್ತಿದ್ದರು. ಕೇಬಲ್ ಮಾತ್ರ ಚುಚ್ಚಿ, ಕಿಟಕಿ ತೆಗೆದು, ಕಿಟಕಿಯೊಳಗೆ ಚಾನೆಲ್ ಬದಲಾಗುತ್ತಾ ನೋಡು. ಬದಲಾಯ್ತು ಅಂದರೆ ಎರಡು ಟ್ಯೂನರ್. ಈ ಪರೀಕ್ಷೆ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಕಿಟಕಿ ಮುಚ್ಚಿದ ರಾತ್ರಿ

ಎರಡು ಟ್ಯೂನರ್ ಕೆಲಸ ಮಾಡ್ತಿದ್ದದ್ದು ಒಂದೇ ಕಾರಣಕ್ಕೆ. ಕೇಬಲ್‌ವಾಲಾ ತನ್ನ ಕಂಟ್ರೋಲ್ ರೂಮಿನಲ್ಲೇ ಪೇ ಚಾನೆಲ್‌ಗಳ ಬೀಗ ತೆಗೆದು, ಎಲ್ಲ ಚಾನೆಲ್‌ಗಳನ್ನೂ ಒಟ್ಟಿಗೆ ತಂತಿಗೆ ಬಿಡ್ತಿದ್ದ. ನಿಮ್ಮ ಗೋಡೆಯವರೆಗೆ ಎಲ್ಲವೂ ತೆರೆದೇ ಬರ್ತಿತ್ತು. ಎಷ್ಟು ಟ್ಯೂನರ್ ಇದೆಯೋ ಅಷ್ಟು ಚಾನೆಲ್ ಹಿಡ್ಕೊಳ್ಳಿ, ಕೇಳೋರಿಲ್ಲ.

2012ರ ಅಕ್ಟೋಬರ್ 31ರ ನಡುರಾತ್ರಿ ಅದು ಮುಗಿಯಿತು. ಕೇಬಲ್ ಡಿಜಿಟಲೀಕರಣದ ಮೊದಲ ಹಂತಕ್ಕೆ ಸರ್ಕಾರ ಇಟ್ಟ ಗಡುವು ಅದು. ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈ ಈ ನಾಲ್ಕು ಊರು ಆ ಪಟ್ಟಿಯಲ್ಲಿದ್ದವು. ಅಲ್ಲಿಂದ ಮುಂದೆ ಚಾನೆಲ್‌ಗಳು ಬೀಗ ಹಾಕಿಕೊಂಡೇ ಮನೆಗೆ ಬರತೊಡಗಿದವು, ಕೀಲಿ ಸೆಟ್‌ಟಾಪ್ ಬಾಕ್ಸಿನ ಹತ್ತಿರ. ಆ ಬಾಕ್ಸು ಒಂದು ಸಲಕ್ಕೆ ಒಂದು ಚಾನೆಲ್ ಬಿಚ್ಚಿ ಒಂದೇ ತಂತಿಯಲ್ಲಿ ಟಿವಿಗೆ ಕೊಡುತ್ತೆ.

ಅರ್ಥ ಆಯ್ತಲ್ಲ? ಟ್ಯೂನರ್ ಟಿವಿಯಿಂದ ಹೊರಗೆ ಹೋಗಿ ಬಾಕ್ಸಿನಲ್ಲಿ ಕೂತಿತು. ಟಿವಿ ಬರೀ ಪರದೆಯಾಯಿತು. ಮಾವನ ಸೆಟ್ಟಿನ ಎರಡು ಟ್ಯೂನರ್‌ಗಳೂ ಸರಿಯಾಗೇ ಇದ್ದವು, ಹಿಡಿಯೋಕೆ ಏನೂ ಇರಲಿಲ್ಲ. `PIP` ಒತ್ತಿದರೆ ಕಿಟಕಿಯಲ್ಲಿ ಬರೀ ಇರುವೆ ಸಾಲು, ಸೂ ಅನ್ನೋ ಸದ್ದು. ಮಾವ ಎರಡು ದಿನ ಗುಂಡಿ ಒತ್ತಿ ನೋಡಿದರು. ಆಮೇಲೆ ಒತ್ತಲಿಲ್ಲ. ಟಿವಿ ಕೆಡದೆ ರಿಪೇರಿಗೆ ಬಂದದ್ದು ಅದೇ ಮೊದಲು ಅಂದರು.

ಇದಾದ ಮೇಲೂ ಕೆಲವು ಫ್ಲಾಟ್ ಟಿವಿಗಳ ಮೆನುವಿನಲ್ಲಿ ಪಿಐಪಿ ಉಳಿದಿತ್ತು. ದೊಡ್ಡ ಚಿತ್ರ ಎಚ್‌ಡಿಎಂಐನಿಂದ, ಕಿಟಕಿ ಟಿವಿಯ ಸ್ವಂತ ಟ್ಯೂನರ್‌ನಿಂದ. ಮನೆ ಮೇಲಿನ ಆಂಟೆನಾದಲ್ಲಿ ಹತ್ತಾರು ಚಾನೆಲ್ ಸಿಗುವ ದೇಶಗಳಲ್ಲಿ ಅದು ಉಪಯೋಗಕ್ಕೆ ಬರುತ್ತೆ. ನಮ್ಮಲ್ಲಿ ಆಂಟೆನಾ ಹಾಕಿದರೆ ಸಿಗೋದು ದೂರದರ್ಶನ. ಹಾಗಾಗಿ ಇಲ್ಲಿಯ ಗಿರಾಕಿಗೆ ಆ ಮೆನು ಇದ್ದೂ ಇಲ್ಲದ ಹಾಗೆ.

2021ರ ಅಕ್ಟೋಬರ್ 8

ಫುಟ್‌ಬಾಲಿನಲ್ಲಿ ಎರಡು ಪಂದ್ಯ ಒಟ್ಟಿಗೆ ಆಡಿಸೋದು ಹಳೇ ಪದ್ಧತಿ. 1982ರ ವಿಶ್ವಕಪ್‌ನಲ್ಲಿ ಸ್ಪೇನಿನ ಹಿಹೋನ್ ಊರಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯ ಆಡಿದವು. ಅಲ್ಜೀರಿಯದ ಆಟ ಹಿಂದಿನ ದಿನವೇ ಮುಗಿದಿತ್ತು. ಜರ್ಮನಿ 1–0 ಗೆದ್ದರೆ ಇಬ್ಬರೂ ಮುಂದಕ್ಕೆ ಅಂತ ಇಬ್ಬರಿಗೂ ಗೊತ್ತಿತ್ತು. ಬೇಗ ಒಂದು ಗೋಲಾಯಿತು, ಆಮೇಲೆ ಚೆಂಡು ಸುಮ್ಮನೆ ಅತ್ತ ಇತ್ತ. ಅಲ್ಜೀರಿಯ ಹೊರಗೆ ಹೋಯಿತು. 1986ರಿಂದ ಗುಂಪಿನ ಕೊನೆಯ ಎರಡು ಪಂದ್ಯ ಒಂದೇ ಹೊತ್ತಿಗೆ.

ಐಪಿಎಲ್ ಇದನ್ನು ಮೊದಲ ಸಲ ಮಾಡಿದ್ದು 2021ರಲ್ಲಿ. ಅಕ್ಟೋಬರ್ 8, ರಾತ್ರಿ 7:30. ಅಬುಧಾಬಿಯಲ್ಲಿ ಮುಂಬೈ ಇಂಡಿಯನ್ಸ್ ಮತ್ತು ಹೈದರಾಬಾದ್, ದುಬೈಯಲ್ಲಿ ಆರ್‌ಸಿಬಿ ಮತ್ತು ಡೆಲ್ಲಿ. ನಮ್ಮ ಮನೆಯ ಸ್ಥಿತಿ ಊಹಿಸಿಕೊಳ್ಳಿ. ಹೆಂಡತಿ ಮುಂಬೈ, ನಾನು ಆರ್‌ಸಿಬಿ, ಮಗ ಅಮ್ಮನ ಪಾರ್ಟಿ.

ಒಟ್ಟಿಗೆ ಆಡಿಸ್ತಾರೆ ಅಂತ ಸೆಪ್ಟೆಂಬರ್ ಕೊನೆಯಲ್ಲಿ ಗೊತ್ತಾಯಿತು. ಹಳೇ ಟಿವಿ ಬದಲಾಯಿಸೋದಿತ್ತು, ಸರಿ, ಎರಡು ಚಿತ್ರ ತೋರಿಸೋದನ್ನೇ ತರೋಣ ಅಂತ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಪರದೆಯನ್ನು ಎರಡು ಭಾಗ ಮಾಡಿ ತೋರಿಸಿದ. ಎಡಗಡೆ ಸೆಟ್‌ಟಾಪ್ ಬಾಕ್ಸು, ಬಲಗಡೆ ಅವನ ಮೊಬೈಲ್, ಅದರಲ್ಲಿ ಅವನ ತಂಗಿ ಮದುವೆ ಫೋಟೊ. "ಸರ್, ಎರಡು ಮ್ಯಾಚ್ ಆರಾಮಾಗಿ ನೋಡಬಹುದು" ಅಂದ. ಕಂಪನಿ ಯಾವುದು ಅಂತ ಹೇಳಲ್ಲ, ತಪ್ಪು ನಂದೂ ಇದೆ. ಫೋಟೊ ನೋಡಿ ಮ್ಯಾಚ್ ಕಂಡಷ್ಟು ಖುಷಿಪಟ್ಟೆ.

ಆ ರಾತ್ರಿ 7:25. ಬಾಕ್ಸಿನಲ್ಲಿ ಮುಂಬೈ ಮ್ಯಾಚ್ ಹಾಕಿದೆ. ಮೊಬೈಲಿನ ಆ್ಯಪ್‌ನಲ್ಲಿ ಆರ್‌ಸಿಬಿ ಹಾಕಿ ಪರದೆಗೆ ಕಳಿಸಿದೆ. ಬಲಗಡೆ ಕಪ್ಪು. ಸದ್ದು ಬರ್ತಿದೆ, ಚಿತ್ರ ಇಲ್ಲ. ಆ್ಯಪ್ ಬಿಟ್ಟು ಬೇರೇನು ತೆಗೆದರೂ ಕಾಣುತ್ತೆ, ಮ್ಯಾಚ್ ತೆಗೆದರೆ ಕಪ್ಪು. ಹಕ್ಕುಸ್ವಾಮ್ಯದ ಬೀಗ ಇರುವ ವಿಡಿಯೊ ಮಿರರ್ ಮಾಡಿದರೆ ಬಹಳ ಸಲ ಹೀಗೇ ಆಗುತ್ತೆ, ಚಿತ್ರ ನಕಲಾಗದಂತೆ ಫೋನೇ ತಡೆಯುತ್ತೆ. ಸರಿ, ಟಿವಿಯೊಳಗಿನ ಆ್ಯಪ್ ತೆಗೆಯೋಣ ಅಂದರೆ ಆ ಆ್ಯಪ್ ಶುರುವಾದ ಕೂಡಲೇ ಇಬ್ಭಾಗದ ಪರದೆ ಮುಚ್ಚಿಹೋಗುತ್ತೆ. ಲ್ಯಾಪ್‌ಟಾಪನ್ನು ಎರಡನೇ ಎಚ್‌ಡಿಎಂಐಗೆ ಚುಚ್ಚಿದೆ. ಟಿವಿ ಹೇಳಿತು, ಒಂದು ಸಲಕ್ಕೆ ಒಂದೇ ಎಚ್‌ಡಿಎಂಐ. ಅಷ್ಟರಲ್ಲಿ ಅಬುಧಾಬಿಯಲ್ಲಿ ಇಶಾನ್ ಕಿಶನ್ ಸಿಕ್ಸ್ ಮೇಲೆ ಸಿಕ್ಸ್ ಹೊಡೀತಿದ್ದ, ಮಗ "ಅಪ್ಪಾ, ಅಡ್ಡ ಬರಬೇಡಿ" ಅಂತಿದ್ದ.

ಮಾವ ಮೂಲೆಯ ಕುರ್ಚಿಯಿಂದ ಎಲ್ಲ ನೋಡ್ತಿದ್ದರು. "ನಿಮ್ಮ ಆಫೀಸಿನ ಸ್ಕ್ರೀನಿಗೆ ಹಿಂದೆ ಎಷ್ಟು ತೂತಿದೆ?" ಅಂದರು.

ವರ್ಕ್ ಫ್ರಮ್ ಹೋಮ್ ಕಾಲ, ಬೆಡ್‌ರೂಮಿನಲ್ಲಿ ಒಂದು ದೊಡ್ಡ ಮಾನಿಟರ್ ಇತ್ತು. ಹಿಂದೆ ಎರಡು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್. ಮೆನು ತೆಗೆದರೆ `PIP/PBP` ಅಂತ ಇದೆ. ವರ್ಷದಿಂದ ಕಣ್ಣೆದುರೇ ಇದ್ದರೂ ತೆಗೆದು ನೋಡಿರಲಿಲ್ಲ. ಬಾಕ್ಸನ್ನು ಒಂದಕ್ಕೆ, ಲ್ಯಾಪ್‌ಟಾಪನ್ನು ಇನ್ನೊಂದಕ್ಕೆ ಚುಚ್ಚಿದೆವು. ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಆರ್‌ಸಿಬಿ ಬಂತು. ಎಡಗಡೆ ನೀಲಿ, ಬಲಗಡೆ ಕೆಂಪು. ಮಾವ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

ಎರಡು ತೊಂದರೆ ಉಳಿದವು. ಒಂದು, ಸದ್ದು. ಮಾನಿಟರ್ ಒಂದು ಕಡೆಯ ಸದ್ದು ಮಾತ್ರ ಕೊಡುತ್ತೆ. ಮುಂಬೈ ಸದ್ದನ್ನು ಸ್ಪೀಕರಿಗೆ ಕೊಟ್ಟು, ಲ್ಯಾಪ್‌ಟಾಪಿನ ಸದ್ದನ್ನು ಬ್ಲೂಟೂತ್ ಇಯರ್‌ಫೋನಿನಲ್ಲಿ ನಾನು ಇಟ್ಟುಕೊಂಡೆ. ಎರಡು, ತಡ. ಬಾಕ್ಸಿಗಿಂತ ಇಂಟರ್ನೆಟ್ಟಿನ ಮ್ಯಾಚು ಅರ್ಧ ನಿಮಿಷದಷ್ಟು ಹಿಂದೆ. ಸ್ಟ್ರೀಮಿಂಗ್‌ನಲ್ಲಿ ವಿಡಿಯೊವನ್ನು ಕೆಲವು ಸೆಕೆಂಡಿನ ತುಂಡುಗಳಾಗಿ ಮಾಡಿ, ಕೆಲವು ತುಂಡು ಮುಂಚೆಯೇ ಕೂಡಿಟ್ಟುಕೊಂಡು ಆಡಿಸ್ತಾರೆ, ಅದಕ್ಕೆ ತಡ. ಕೆಳಗಿನ ಹೋಟೆಲಿನಲ್ಲಿ ಉಡುಪಿ ಕಡೆ ಹುಡುಗರು ಕೇಬಲ್‌ನಲ್ಲಿ ಆರ್‌ಸಿಬಿ ನೋಡ್ತಿದ್ದರು. ಪಡಿಕ್ಕಲ್ ಸೊನ್ನೆಗೆ ಔಟಾದದ್ದು, ಕೊಹ್ಲಿ ನಾಲ್ಕಕ್ಕೆ ಔಟಾದದ್ದು, ಎರಡೂ ನನಗೆ ಅವರ "ಅಯ್ಯೋ"ದಿಂದ ಮೊದಲು ಗೊತ್ತಾಯ್ತು. ಚಿತ್ರ ಆಮೇಲೆ ಬಂತು.

ಮುಂಬೈ 235 ಹೊಡೆದಿತ್ತು. ಆದರೆ ರನ್ ರೇಟ್‌ನಲ್ಲಿ ಕೋಲ್ಕತ್ತಾವನ್ನು ದಾಟಬೇಕಾದರೆ 170ಕ್ಕೂ ಹೆಚ್ಚು ರನ್ನಿನಿಂದ ಗೆಲ್ಲಬೇಕು, ಅಂದರೆ ಹೈದರಾಬಾದನ್ನು 65ರ ಆಸುಪಾಸಿನಲ್ಲಿ ಮುಗಿಸಬೇಕು. ಪವರ್‌ಪ್ಲೇ ಮುಗಿಯುವಷ್ಟರಲ್ಲಿ ಹೈದರಾಬಾದ್ ಅದನ್ನು ದಾಟಿತು. ಪಂದ್ಯ ಮುಂಬೈದೇ, ಟೂರ್ನಿ ಮಾತ್ರ ಮುಗಿಯಿತು. ಮಗ ಎದ್ದು ಒಳಗೆ ಹೋದ. ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಕ್ಸಿನ ರಿಮೋಟ್ ನನ್ನ ಕಡೆ ತಳ್ಳಿದಳು. "ನಿನ್ನ ಮ್ಯಾಚನ್ನೇ ಬಾಕ್ಸಿಗೆ ಹಾಕು. ನಂದು ತಡವಾಗಿ ಬಂದರೂ ಏನೂ ಬದಲಾಗಲ್ಲ."

ಎರಡು ಚಿತ್ರ ಅದಲುಬದಲು ಮಾಡಿದೆವು. ಆ ರಾತ್ರಿಯ `SWAP` ಅದು, ಕೈಯಿಂದ ಮಾಡಿದ್ದು. ಕೊನೇ ಓವರಿನಲ್ಲಿ ಆರ್‌ಸಿಬಿಗೆ 15 ಬೇಕು. ಕೊನೇ ಎಸೆತಕ್ಕೆ ಸಿಕ್ಸ್ ಬೇಕಿದ್ದಾಗ ಆವೇಶ್ ಖಾನ್ ವೈಡ್ ಹಾಕಿದ, ಉಳಿದದ್ದು 5. ಕೆ. ಎಸ್. ಭರತ್ ಎತ್ತಿ ಸಿಕ್ಸ್ ಹೊಡೆದ. ಹೋಟೆಲಿನ ಹುಡುಗರ ಕೂಗೂ ನನ್ನ ಕೂಗೂ ಒಂದೇ ಸಲ ಎದ್ದವು. ಮಾವ ಅಂದರು: "ನೋಡಿ, ಈಗ ಸರಿ ಆಯ್ತು."

ಹಾಗಾದರೆ ಯಾವ ಟಿವಿ?

ಈಗ ಪ್ರಶ್ನೆಗೆ ಬರೋಣ. "ಈ ಟಿವಿಯಲ್ಲಿ ಪಿಐಪಿ ಇದೆಯಾ" ಅಂತ ಕೇಳಬೇಡಿ. "ಯಾವ ಎರಡು ಮೂಲಗಳನ್ನು ಒಟ್ಟಿಗೆ ತೋರಿಸುತ್ತೆ" ಅಂತ ಕೇಳಿ.

ಸ್ಯಾಮ್‌ಸಂಗ್ ಕ್ಯೂಎಲ್‌ಇಡಿ ಸಾಲಿನ ಹಲವು ಟಿವಿಗಳಲ್ಲಿ, ಎಲ್‌ಜಿಯ 2021ರ ನಂತರದ ಒಎಲ್‌ಇಡಿಯಂಥ ಮೇಲಿನ ದರ್ಜೆಯ ಟಿವಿಗಳಲ್ಲಿ `Multi View` ಅನ್ನೋ ಸೌಲಭ್ಯ ಇದೆ. ಸಾಮಾನ್ಯವಾಗಿ ಒಂದು ಕಡೆ ಎಚ್‌ಡಿಎಂಐ ಅಥವಾ ಟಿವಿ ಚಾನೆಲ್, ಇನ್ನೊಂದು ಕಡೆ ಮೊಬೈಲ್ ಮಿರರಿಂಗ್ ಅಥವಾ ಯೂಟ್ಯೂಬ್‌ನಂಥ ಆಯ್ದ ಆ್ಯಪ್. ಎರಡು ಎಚ್‌ಡಿಎಂಐ ಒಟ್ಟಿಗೆ ತೋರಿಸೋದು ಅಪರೂಪ. ಒಂದೇ ಕಂಪನಿಯಲ್ಲೂ ಮಾಡೆಲಿನಿಂದ ಮಾಡೆಲಿಗೆ ಇದು ಬದಲಾಗುತ್ತೆ. ಆ ಮಾಡೆಲಿನ ಇ-ಮ್ಯಾನ್ಯುಯಲ್ ತೆಗೆದು ಯಾವ ಜೋಡಿ ಆಗುತ್ತೆ ಅಂತ ಓದಿ. ಅಂಗಡಿಗೆ ಹೋದರೆ ಮಾವನ ಪರೀಕ್ಷೆ: ಫೋಟೊ ಬೇಡ, ನಿಮ್ಮ ಮ್ಯಾಚ್ ಆ್ಯಪ್ ತೆಗೆದು ಲೈವ್ ವಿಡಿಯೊ ಹಾಕಿಸಿ. ಕಪ್ಪು ಬಂದರೆ ಅಲ್ಲಿಗೇ ಮುಗೀತು.

ಟಿವಿ ಈಗಾಗಲೇ ಇದ್ದರೆ ಬದಲಾಯಿಸಬೇಡಿ. ಎಚ್‌ಡಿಎಂಐ ಮಲ್ಟಿವ್ಯೂವರ್ ಅಂತ ಒಂದು ಚಿಕ್ಕ ಡಬ್ಬಿ ಸಿಗುತ್ತೆ. ನಾಲ್ಕು ಎಚ್‌ಡಿಎಂಐ ಒಳಗೆ, ಎಲ್ಲ ಸೇರಿಸಿದ ಒಂದು ಚಿತ್ರ ಹೊರಗೆ, ಯಾವ ಟಿವಿಗೂ ಆಗುತ್ತೆ. ಕೊಳ್ಳುವಾಗ ಎಚ್‌ಡಿಸಿಪಿ ಬೆಂಬಲ ಇದೆಯಾ ನೋಡಿ, ಇಲ್ಲದಿದ್ದರೆ ಸೆಟ್‌ಟಾಪ್ ಬಾಕ್ಸಿನ ಚಿತ್ರ ಬರಲ್ಲ. ಎರಡನೇ ಮೂಲಕ್ಕೆ ಇನ್ನೊಂದು ಬಾಕ್ಸು ಅಥವಾ ಸ್ಟ್ರೀಮಿಂಗ್ ಸ್ಟಿಕ್ ಬೇಕು, ನಿಮ್ಮ ಚಂದಾದಲ್ಲಿ ಒಟ್ಟಿಗೆ ಎರಡು ಕಡೆ ನೋಡೋಕೆ ಅವಕಾಶ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಎರಡೂ ಒಂದೇ ಬಗೆಯ ಮೂಲವಾದರೆ ತಡದ ವ್ಯತ್ಯಾಸ ಕಮ್ಮಿ.

ಅಮೆರಿಕದಲ್ಲಿರೋ ನಮ್ಮವರಿಗೆ ಇನ್ನೊಂದು ದಾರಿ ಇದೆ. ಯೂಟ್ಯೂಬ್ ಟಿವಿ 2023ರಲ್ಲಿ ತಂದ ಮಲ್ಟಿವ್ಯೂನಲ್ಲಿ ನಾಲ್ಕು ಪಂದ್ಯಗಳವರೆಗೆ ಅವರ ಸರ್ವರ್‌ನಲ್ಲೇ ಸೇರಿಸಿ ಒಂದೇ ವಿಡಿಯೊ ಮಾಡಿ ಕಳಿಸ್ತಾರೆ. ಟಿವಿಗೆ ಅದು ಬರೀ ಒಂದು ವಿಡಿಯೊ, ಹಾಗಾಗಿ ಹಳೇ ಟಿವಿಯೂ ತೋರಿಸುತ್ತೆ. ಆದರೆ ಮೊದಲು ಬಂದಾಗ ಯಾವ ಪಂದ್ಯದ ಜೊತೆ ಯಾವುದು ಅಂತ ಜೋಡಿಸ್ತಿದ್ದವರು ಅವರೇ. ಒಂದು ಕಾಲಕ್ಕೆ ಆ ಆಯ್ಕೆ ಮಹಾಕಾಳಿ ರಸ್ತೆಯ ಗಲ್ಲಿಯ ಒಂದು ರಿಮೋಟಿನಲ್ಲಿತ್ತು.

ಆ 29 ಇಂಚಿನ ಸೆಟ್ಟು ಏನಾಯ್ತು ಅಂತ ವಿಡಿಯೊ ಕೆಳಗೆ ಒಬ್ಬರು ಕೇಳಿದ್ದರು. ಗುಜರಿಯವನು ತೂಕಕ್ಕೆ ಹಾಕಿ ಒಯ್ದ. ರಿಮೋಟ್ ಮಾತ್ರ ಮಾವ ಕೊಡಲಿಲ್ಲ, ಈಗಲೂ ಅವರ ಮೇಜಿನ ಡ್ರಾಯರಿನಲ್ಲಿದೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಸೆಟ್ಟು ಇದ್ದಿದ್ದರೆ ಯಾವ ಎರಡು ಮ್ಯಾಚ್ ಒಟ್ಟಿಗೆ ನೋಡಿದ್ರಿ ಅಂತ ಬರೀರಿ. ಮುಂದಿನ ವಾರ ಸಿಗೋಣ.